ಬ್ಯಾಗ್ ಖಾಲಿ ಇದ್ದಾಗ 113, ತುಂಬಿದ ಮೇಲೆ 119

ಅಕ್ಕನ ಸೀಮಂತಕ್ಕೆ ಪುಣೆಗೆ ಹೊರಟಿದ್ದೆ. ಬೋರ್ಡಿಂಗ್ ಗೇಟ್ ಹತ್ತಿರ ಇರುವ ಆ ಕಬ್ಬಿಣದ ಚೌಕಟ್ಟಿಗೆ ನನ್ನ ಟ್ರಾಲಿ ಬ್ಯಾಗ್ ಅರ್ಧ ಇಳಿದು ಸಿಕ್ಕಿಹಾಕಿಕೊಂಡಿತು. "ಮೇಡಂ, ಇದು ಕೆಳಗೆ ಲಗೇಜಿಗೆ ಹೋಗ್ಬೇಕು" ಅಂದರು ಸಿಬ್ಬಂದಿ. ಒಳಗೆ ಅಕ್ಕನಿಗೆ ಅಂತ ಅಮ್ಮ ಆರಿಸಿ ತಂದ ನಾಲ್ಕು ಡಜನ್ ಹಸಿರು ಗಾಜಿನ ಬಳೆ ಇದ್ದವು. ಲಗೇಜಿನಲ್ಲಿ ಹೋದರೆ ಎಷ್ಟು ಉಳೀತಾವೆ ಅಂತ ನಿಮಗೂ ಗೊತ್ತು.

ತಮಾಷೆ ಅಂದ್ರೆ, ನಾನು ಅಳತೆ ಮಾಡಿಯೇ ಹೊರಟಿದ್ದೆ. ನಮ್ಮ ದೇಶದೊಳಗಿನ ಹಾರಾಟಗಳಲ್ಲಿ ಸಾಮಾನ್ಯವಾಗಿ ಕಾಣುವ ಮಿತಿ 55, 35, 25 ಸೆಂಟಿಮೀಟರ್. ಮೂರನ್ನೂ ಕೂಡಿದರೆ 115. ತೂಕ 7 ಕೆ.ಜಿ. ನನ್ನ ಬ್ಯಾಗು ಉದ್ದ 55, ಅಗಲ 35, ದಪ್ಪ 23, ಒಟ್ಟು 113. ಇನ್ನೂ ಎರಡು ಸೆಂಟಿಮೀಟರ್ ಮಿಕ್ಕಿದೆಯಲ್ಲ ಅಂತ ಖುಷಿಯಾಗಿದ್ದೆ. ಆದರೆ ಅಳೆದದ್ದು ಖಾಲಿ ಬ್ಯಾಗನ್ನು. ಹೊರಡುವ ಹೊತ್ತಿಗೆ ಅಮ್ಮ ಬಳೆ ಡಬ್ಬಿಯನ್ನು ಮುಂದಿನ ಜೇಬಿಗೆ ತುರುಕಿದರು. ದಪ್ಪ 29 ಆಯ್ತು, ಮೊತ್ತ 119.

ಗೇಟಲ್ಲೇ ಬ್ಯಾಗ್ ಬಿಚ್ಚಿದೆ. ಲ್ಯಾಪ್‌ಟಾಪ್ ಚೀಲದಲ್ಲಿದ್ದ ಸ್ವೆಟರ್ ಹಾಕಿಕೊಂಡು, ಆ ಜಾಗಕ್ಕೆ ಬಳೆ ಡಬ್ಬಿ ಇಟ್ಟೆ. ಈ ಸಲ ಟ್ರಾಲಿ ಚೌಕಟ್ಟಿನೊಳಗೆ ಸಲೀಸಾಗಿ ಇಳಿಯಿತು. ಸೆಕೆಯಲ್ಲಿ ಸ್ವೆಟರ್ ತೊಟ್ಟು ಪುಣೆ ತಲುಪಿದೆ, ಬಳೆ ಒಂದೂ ಒಡೆಯಲಿಲ್ಲ. (ಇಂಥ ಹೊತ್ತಲ್ಲಿ ಬ್ಯಾಗ್ ಕೊಟ್ಟುಬಿಡೋದೇ ಆದರೆ, ಪವರ್ ಬ್ಯಾಂಕ್ ಮೊದಲು ಹೊರಗೆ ತೆಗೀಬೇಕು. ಅದು ಲಗೇಜಿಗೆ ಹೋಗುವಂತಿಲ್ಲ.)

ವಾಪಸ್ ಬಂದ ಮೇಲೆ ತುಂಬಿದ ಬ್ಯಾಗನ್ನು ಸರಿಯಾಗಿ ಅಳೆಯೋಣ ಅಂತ ಕೂತೆ. ಅಮ್ಮನ ಹೊಲಿಗೆ ಟೇಪನ್ನು ಬ್ಯಾಗಿನ ಮೇಲೆ ಹಾಸಿದರೆ ಅದು ಉಬ್ಬಿನ ಮೇಲೆ ಬಾಗಿ ಹೋಗುತ್ತೆ, ಲೆಕ್ಕ ತಪ್ಪುತ್ತೆ. "ರವಿಕೆ ಅಳತೆ ಅಲ್ಲ ಕಣೇ ಅದು" ಅಂದರು ಅಮ್ಮ. ಸರಿ, ಬ್ಯಾಗಿನ ಬೆನ್ನನ್ನು ಗೋಡೆಗೆ ಒತ್ತಿ ನಿಲ್ಲಿಸಿದೆ. ಮುಂದಿನ ಉಬ್ಬಿಗೆ ತಾಗುವ ಹಾಗೆ ಒಂದು ದಪ್ಪ ರಟ್ಟಿನ ಪುಸ್ತಕವನ್ನು ನೇರವಾಗಿ ಹಿಡಿದೆ. ಗೋಡೆಯಿಂದ ಪುಸ್ತಕಕ್ಕೆ ನೆಲದ ಮೇಲೆ ಅಳೆದದ್ದೇ ನಿಜವಾದ ದಪ್ಪ. ಉದ್ದಕ್ಕೂ ಅಷ್ಟೇ: ಚಕ್ರ ನೆಲದ ಮೇಲಿರಬೇಕು, ಮೇಲಿನ ಹಿಡಿ ಮಡಚಿರಬೇಕು, ತಲೆ ಮೇಲೆ ಪುಸ್ತಕ ಇಟ್ಟು ಅಳೆಯಬೇಕು. ಅಂಗಡಿಯ ಚೀಟಿಯಲ್ಲಿ ನನ್ನ ಬ್ಯಾಗು 20 ಇಂಚು, ಅಂದರೆ ಸುಮಾರು 51 ಸೆಂಟಿಮೀಟರ್. ಚಕ್ರ, ಹಿಡಿ ಸೇರಿದರೆ 55. ಚೀಟಿಯವರು ಬರೀ ಪೆಟ್ಟಿಗೆಯನ್ನು ಅಳೆದಿದ್ದರು.

ಮೊತ್ತ ಸರಿ ಬಂದರೂ ಕೆಲಸ ಮುಗೀಲಿಲ್ಲ. ತಮ್ಮನ ಜಿಮ್ ಚೀಲ ಅಳೆದೆ: 48, 32, 33. ಕೂಡಿದರೆ ಅದೂ 113! ಆದರೆ 25 ಸೆಂಟಿಮೀಟರ್ ಸಂದಿಗೆ 33 ಹೇಗೆ ತೂರುತ್ತೆ? ಮೊತ್ತ ಒಂದೇ ಇದ್ದರೂ ಬ್ಯಾಗು ಚೌಕಾಕಾರಕ್ಕೆ ಹತ್ತಿರ ಬಂದಷ್ಟೂ ಒಳಗೆ ಹಿಡಿಸೋದು ಜಾಸ್ತಿ. 55, 35, 25ರ ಪೆಟ್ಟಿಗೆಯಲ್ಲಿ ಸುಮಾರು 48 ಲೀಟರ್ ಜಾಗ. ಅದೇ 115ನ್ನು ಮೂರೂ ಕಡೆ ಸಮ ಹಂಚಿದರೆ 56 ಲೀಟರ್. ಅಂಥ ಪೆಟ್ಟಿಗೆಯನ್ನು ತಲೆ ಮೇಲಿನ ಗೂಡಿನಲ್ಲಿ ಇಟ್ಟರೆ ಬಾಗಿಲು ಮುಚ್ಚೋದೇ ಕಷ್ಟ. ಹಾಗಾಗಿ ನನ್ನ ಲೆಕ್ಕ ಈಗ ಎರಡು ಸಾಲು:

```
L + W + H <= 115
L <= 55, W <= 35, H <= 25
```

ಎರಡೂ ನಿಜ ಆದರೆ ಮಾತ್ರ ಹೊರಡೋದು. ಅಮೆರಿಕದ ಒಳಗೆ ಡೆಲ್ಟಾ, ಯುನೈಟೆಡ್‌ನವರ ಮಿತಿ 22, 14, 9 ಇಂಚು. ಕೂಡಿದರೆ 45 ಇಂಚು, 114 ಸೆಂಟಿಮೀಟರ್ ಚಿಲ್ಲರೆ, ಹೆಚ್ಚುಕಡಿಮೆ ನಮ್ಮಷ್ಟೇ. ಆದರೆ ಆ 9 ಇಂಚು ಅಂದರೆ 23 ಸೆಂಟಿಮೀಟರಿಗೂ ಸ್ವಲ್ಪ ಕಡಿಮೆ. ಇಲ್ಲಿ 25 ದಪ್ಪಕ್ಕೆ ಪಾಸಾದ ಬ್ಯಾಗು ಅಲ್ಲಿ ಸಿಕ್ಕಿಹಾಕಿಕೊಳ್ಳಬಹುದು. ಟಿಕೆಟ್ ತೆಗೆದಾಗ ಮೊತ್ತದ ಜೊತೆ ಮೂರೂ ಬದಿ ಬೇರೆ ಬೇರೆ ನೋಡೋದು ಇದಕ್ಕೇ.

ಉದ್ದ ಮತ್ತು ಅಗಲ ಗಟ್ಟಿ ಚೌಕಟ್ಟಿನವು, ಕುಗ್ಗಿಸೋಕೆ ಆಗಲ್ಲ. ನಮ್ಮ ಕೈಯಲ್ಲಿರೋದು ದಪ್ಪ ಒಂದೇ. ಹಿಗ್ಗಿಸುವ ಜಿಪ್ ಅನ್ನು ಈಗ ನಾನು ಮುಟ್ಟೋದೇ ಇಲ್ಲ. ಬ್ಯಾಗಿನ ತಳದಲ್ಲಿ ಹಿಡಿಯ ಎರಡು ಕೊಳವೆ ಉಬ್ಬಿಕೊಂಡಿರುತ್ತವಲ್ಲ, ಅವುಗಳ ನಡುವಿನ ತಗ್ಗಿಗೆ ಕಾಲುಚೀಲ, ಒಳಬಟ್ಟೆ ಸುರುಳಿ ಸುತ್ತಿ ಮೊದಲು ತುಂಬ್ತೀನಿ. ಅದರ ಮೇಲೆ ಸೀರೆ ಚಪ್ಪಟೆಯಾಗಿ ಕೂರುತ್ತೆ. ಮುಂದಿನ ಜೇಬಿಗೆ ಚಪ್ಪಟೆ ಕಾಗದಪತ್ರ ಬಿಟ್ಟು ಬೇರೇನೂ ಇಲ್ಲ. ಹೀಗೆ ತುಂಬಿ ಗೋಡೆಗೆ ಒತ್ತಿದರೆ 24, ಮೊತ್ತ 114.

ಮುಂದಿನ ತಿಂಗಳು ಮಗು ನೋಡೋಕೆ ಮತ್ತೆ ಪುಣೆಗೆ ಹೋಗಬೇಕು. ಅಮ್ಮ ಆಗಲೇ ತುಪ್ಪದ ಡಬ್ಬಿ ತೊಳೆದು ಒಣಗಿಸಿಟ್ಟಿದ್ದಾರೆ. ಪುಸ್ತಕ ಗೋಡೆ ಪಕ್ಕದಲ್ಲೇ ಇದೆ.