ಕುಡಿತಕ್ಕೆ ಸಡಿಲವಾಗುವ ಕರುಳು

ಕುಡಿತ ಬಿಡಲೆಂದು ಆಸ್ಪತ್ರೆ ಸೇರಿದ ಕೆಲವರಿಗೆ ಬೆಲ್ಜಿಯಂನ ಸಂಶೋಧಕರು ಒಂದು ದ್ರಾವಣ ಕುಡಿಸಿ, ಆಮೇಲೆ ಅವರ ಮೂತ್ರ ಪರೀಕ್ಷಿಸಿದರು. ದ್ರಾವಣದಲ್ಲಿದ್ದ ರಾಸಾಯನಿಕವನ್ನು ಆರೋಗ್ಯವಂತ ಕರುಳು ಹೆಚ್ಚು ಒಳಗೆ ಬಿಟ್ಟುಕೊಳ್ಳುವುದಿಲ್ಲ; ಅದರ ಬಹುಪಾಲು ಮಲದಲ್ಲೇ ಹೊರಹೋಗುತ್ತದೆ. ಆದರೆ ಹಲವರ ಮೂತ್ರದಲ್ಲಿ ಅದು ಹೆಚ್ಚಾಗಿ ಸಿಕ್ಕಿತು. ಅಂದರೆ ಕರುಳಿನ ಗೋಡೆ ದಾಟಿ ರಕ್ತಕ್ಕೆ ಇಳಿದಿತ್ತು. 2014ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಎಲ್ಲ ಕುಡುಕರ ಕರುಳೂ ಸೋರುತ್ತಿರಲಿಲ್ಲ ಎಂಬುದನ್ನೂ ಗಮನಿಸಬೇಕು.

ಕರುಳಿನ ಒಳಪದರ ಒಂದೇ ಒಂದು ಸಾಲು ಜೀವಕೋಶಗಳದ್ದು. ಅಕ್ಕಪಕ್ಕದ ಕೋಶಗಳನ್ನು ಕೆಲವು ಪ್ರೋಟೀನುಗಳು ಹೊಲಿಗೆ ಹಾಕಿದಂತೆ ಬಿಗಿದಿಡುತ್ತವೆ. ಕುಡಿದ ಮದ್ಯ ಮೇಲ್ಭಾಗದ ಕರುಳಿನಲ್ಲೇ ಹೀರಲ್ಪಟ್ಟರೂ ರಕ್ತದ ಮೂಲಕ ದೊಡ್ಡಕರುಳನ್ನೂ ತಲುಪುತ್ತದೆ. ಅಲ್ಲಿನ ಬ್ಯಾಕ್ಟೀರಿಯಾಗಳು ಅದನ್ನು ಅಸಿಟಾಲ್ಡಿಹೈಡ್ ಎಂಬ ವಿಷವಸ್ತುವಾಗಿ ಬದಲಿಸುತ್ತವೆ. ಅದನ್ನು ಬೇಗ ನಿರುಪದ್ರವಿಯಾಗಿಸುವ ಶಕ್ತಿ ದೊಡ್ಡಕರುಳಿನ ಕೋಶಗಳಿಗೆ ಕಡಿಮೆ. ಹಾಗಾಗಿ ಅದು ಅಲ್ಲೇ ಸೇರಿಕೊಂಡು ಹೊಲಿಗೆ ಬಿಚ್ಚುತ್ತದೆ. ಬ್ಯಾಕ್ಟೀರಿಯಾಗಳ ಗೋಡೆಯ ಚೂರುಗಳು ಆ ಸಂದಿಯಿಂದ ನುಸುಳಿ ನೇರವಾಗಿ ಯಕೃತ್ತಿಗೆ ಹೋಗುತ್ತವೆ. ಅಲ್ಲಿ ಉರಿಯೂತ ಶುರುವಾಗುತ್ತದೆ.

ಸೋರುವ ಕರುಳಿನವರಲ್ಲಿ ಫೀಕಾಲಿಬ್ಯಾಕ್ಟೀರಿಯಂ ಪ್ರಾಸ್ನಿಟ್ಜೈ ಎಂಬ ಬ್ಯಾಕ್ಟೀರಿಯಾ ಕಡಿಮೆಯಿತ್ತು. ನಾವು ತಿಂದ ನಾರಿನಿಂದ ಬ್ಯುಟಿರೇಟ್ ತಯಾರಿಸುವುದು ಇದರ ಕೆಲಸ. ದೊಡ್ಡಕರುಳಿನ ಕೋಶಗಳಿಗೆ ಅದೇ ಮುಖ್ಯ ಆಹಾರ.

ಕುಡಿದ ಮರುದಿನ ಭೇದಿಯಾದರೆ ಹೆಚ್ಚಿನವರು ನೆಂಚಿಕೊಂಡ ತಿಂಡಿಯನ್ನು ದೂರುತ್ತಾರೆ. ಮದ್ಯ ತಾನೇ ಕರುಳು ನೀರು, ಉಪ್ಪನ್ನು ಹೀರದಂತೆ ಮಾಡುತ್ತದೆ, ಒಳಗಿರುವುದನ್ನು ಬೇಗ ಮುಂದಕ್ಕೆ ತಳ್ಳುತ್ತದೆ. ದಿನವೂ ಕುಡಿಯುವವರಲ್ಲಿ ಹಾಲಿನ ಸಕ್ಕರೆ ಜೀರ್ಣಿಸುವ ಕಿಣ್ವವೂ ಕಡಿಮೆಯಾಗಬಹುದು. ಆಗ ಹಾಲು ಕುಡಿದರೂ ಹೊಟ್ಟೆ ಉಬ್ಬರಿಸಿ ಭೇದಿಯಾಗುತ್ತದೆ. ಮಲ ಎಣ್ಣೆಯಂತೆ ಜಿಡ್ಡಾಗಿ, ದುರ್ನಾತದಿಂದ ಕೂಡಿ, ನೀರಿನಲ್ಲಿ ತೇಲುತ್ತಿದ್ದರೆ ಮೇದೋಜೀರಕ ಗ್ರಂಥಿಯೂ ಕೆಟ್ಟಿರಬಹುದು. ಅದನ್ನು ವೈದ್ಯರಿಗೆ ತೋರಿಸಲೇಬೇಕು.

ಸೊಪ್ಪು, ಕಾಳುಗಳಲ್ಲಿರುವ ಫೋಲೇಟ್ ವಿಟಮಿನ್ ಕೂಡ ಸರಿಯಾಗಿ ಹೀರಲ್ಪಡುವುದಿಲ್ಲ. ಕರುಳಿನ ಕೋಶಗಳು ಕೆಲವೇ ದಿನಗಳಿಗೊಮ್ಮೆ ಹೊಸದಾಗಿ ಹುಟ್ಟಬೇಕು, ಅದಕ್ಕೆ ಫೋಲೇಟ್ ಬೇಕೇಬೇಕು. ಅದು ಸಿಗದಿದ್ದರೆ ಕರುಳು ಇನ್ನಷ್ಟು ಸೊರಗುತ್ತದೆ, ಸೊರಗಿದ ಕರುಳು ಫೋಲೇಟನ್ನು ಇನ್ನೂ ಕಡಿಮೆ ಹೀರುತ್ತದೆ.

ಹೆಚ್ಚು ಅಪಾಯ ಥಯಾಮಿನ್ ಅಂದರೆ ಬಿ1 ವಿಟಮಿನ್‌ನದು. ದೇಹದಲ್ಲಿ ಅದರ ಸಂಗ್ರಹ ಕೆಲವೇ ವಾರಗಳಿಗೆ ಸಾಕಾಗುವಷ್ಟು. ಅದು ಮುಗಿದರೆ ಗೊಂದಲ, ತೂರಾಡುವ ನಡಿಗೆ, ಕಣ್ಣುಗುಡ್ಡೆಗಳ ಚಲನೆಯ ತೊಂದರೆ ಬರುತ್ತವೆ. ಮನೆಯವರು ಇದನ್ನು ಅಮಲೆಂದು ತಿಳಿದು ಸುಮ್ಮನಿರುವ ಸಾಧ್ಯತೆ ಇದೆ, ಆದರೆ ಇದು ತುರ್ತು ಸ್ಥಿತಿ. ಮಾತ್ರೆ ನುಂಗಿಸಿದರೆ ಇಂಥ ಕರುಳು ಸಾಕಷ್ಟು ಹೀರುವುದಿಲ್ಲವೆಂದೇ ಆಸ್ಪತ್ರೆಗಳಲ್ಲಿ ಥಯಾಮಿನ್ ಅನ್ನು ಚುಚ್ಚುಮದ್ದಾಗಿ ಕೊಡುತ್ತಾರೆ.

ಬೆಲ್ಜಿಯಂನ ರೋಗಿಗಳು ಮೂರು ವಾರ ಮದ್ಯ ಮುಟ್ಟದಿದ್ದ ಮೇಲೆ ಮತ್ತೆ ಪರೀಕ್ಷಿಸಿದಾಗ ಕರುಳಿನ ಸೋರಿಕೆ ನಿಂತಿತ್ತು.