ಸರಾಸರಿ ಇಳಿದರೂ ಬಾಕಿ ಕರಗಲಿಲ್ಲ

ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಕೊಡುವ ಒಂದು ಸಣ್ಣ ಕಂಪನಿ ಇದೆ ಎಂದುಕೊಳ್ಳಿ. ಗ್ರಾಹಕರ ಪ್ರತಿ ದೂರೂ ಒಂದು ಟಿಕೆಟ್. ದಿನಾ ಬೆಳಿಗ್ಗೆ ಒಂಬತ್ತಕ್ಕೆ ತಂಡದ ಸ್ಲ್ಯಾಕ್ ಚಾನೆಲ್‌ಗೆ ಒಂದು ಸಂದೇಶ ತಾನಾಗಿ ಬರುತ್ತದೆ: ಬಾಕಿ 46, ಮೊದಲ ಉತ್ತರಕ್ಕೆ ಸರಾಸರಿ 20 ನಿಮಿಷ.

ಇದನ್ನು ಕಟ್ಟುವುದು ಕಷ್ಟವಲ್ಲ. ಚಾನೆಲ್‌ಗೆ ಸ್ಲ್ಯಾಕ್ ಒಂದು ವೆಬ್‌ಹುಕ್ ವಿಳಾಸ ಕೊಡುತ್ತದೆ. ಟಿಕೆಟ್‌ಗಳನ್ನು ಎಣಿಸಿದ ಸಣ್ಣ ಪ್ರೋಗ್ರಾಂ ಆ ವಿಳಾಸಕ್ಕೆ ಸಂದೇಶ ಕಳಿಸಿದರೆ ಆಯಿತು. ಆ ವಿಳಾಸ ಸಿಕ್ಕವರು ಯಾರು ಬೇಕಾದರೂ ಅಲ್ಲಿಗೆ ಬರೆಯಬಹುದು, ಹಾಗಾಗಿ ಅದನ್ನು ಪಾಸ್‌ವರ್ಡ್‌ನಂತೆ ಕಾಪಾಡಬೇಕು. ಹೊತ್ತಿಗೆ ಸರಿಯಾಗಿ ಪ್ರೋಗ್ರಾಂ ಓಡಿಸುವುದು ಸರ್ವರ್‌ನ ಕ್ರಾನ್:

```
30 3 * * 1-6 /opt/report.sh
```

ಸೋಮವಾರದಿಂದ ಶನಿವಾರದವರೆಗೆ, ಮೂರೂವರೆಗೆ ಎಂದು ಇದರ ಅರ್ಥ. ಬಹಳಷ್ಟು ಸರ್ವರ್‌ಗಳ ಗಡಿಯಾರ ನಮಗಿಂತ ಐದೂವರೆ ಗಂಟೆ ಹಿಂದಿರುತ್ತದೆ. ಅಂಥ ಸರ್ವರ್‌ನಲ್ಲಿ ಒಂಬತ್ತು ಎಂದೇ ಬರೆದರೆ ವರದಿ ಬರುವುದು ಮಧ್ಯಾಹ್ನ ಎರಡೂವರೆಗೆ.

ನಿಜವಾದ ತೊಡಕು ಇರುವುದು ಆ 20 ನಿಮಿಷದಲ್ಲಿ. ಸರಾಸರಿಗೆ ಸೇರುವುದು ಉತ್ತರ ಕಂಡ ಟಿಕೆಟ್‌ಗಳು ಮಾತ್ರ. ಇನ್ನೂ ಕಾಯುತ್ತಿರುವವರು ಲೆಕ್ಕದಲ್ಲೇ ಇಲ್ಲ. ಪಾಸ್‌ವರ್ಡ್ ಮರೆತವರಿಗೆಲ್ಲ ಬೇಗಬೇಗ ಉತ್ತರಿಸಿ, ಜಿಎಸ್‌ಟಿ ಲೆಕ್ಕ ತಪ್ಪುತ್ತಿದೆ ಎಂದು ಬರೆದ ಅಂಗಡಿಯವರ ಟಿಕೆಟ್ಟನ್ನು ಮೂರು ದಿನ ಬದಿಗಿಟ್ಟರೆ ಸರಾಸರಿ ಚೆನ್ನಾಗಿಯೇ ಕಾಣುತ್ತದೆ. ಗ್ರಾಹಕರಿಗೆ ತಾನಾಗಿ ಹೋಗುವ ‘ನಿಮ್ಮ ದೂರು ತಲುಪಿದೆ’ ಎಂಬ ಸಂದೇಶವನ್ನೂ ಉತ್ತರವೆಂದು ಎಣಿಸಿದರಂತೂ ಅಂಕಿಗೆ ಅರ್ಥವೇ ಉಳಿಯುವುದಿಲ್ಲ.

ನಾಲ್ಕನೆಯ ದಿನ ಒಬ್ಬ ಹುಡುಗಿ ಕೂತು ಆ ಜಿಎಸ್‌ಟಿ ಟಿಕೆಟ್ ಬಿಡಿಸುತ್ತಾಳೆ ಅನ್ನಿ. ಅದು ಕಾದದ್ದು 72 ಗಂಟೆ, ಅಂದರೆ 4320 ನಿಮಿಷ. ಅಂದು ತಂಡ ಉತ್ತರಿಸಿದ ಉಳಿದ 19 ಟಿಕೆಟ್‌ಗಳಿಗೆ ಹಿಡಿದದ್ದು ತಲಾ 20 ನಿಮಿಷ. ಒಟ್ಟು 4700 ನಿಮಿಷವನ್ನು 20ರಿಂದ ಭಾಗಿಸಿದರೆ 235. ಮರುದಿನ ಚಾನೆಲ್‌ನಲ್ಲಿ ಸರಾಸರಿ ಸುಮಾರು ನಾಲ್ಕು ಗಂಟೆ ಎಂದು ಬರುತ್ತದೆ. ಸರಿಯಾದ ಕೆಲಸ ಮಾಡಿದ ದಿನವೇ ತಂಡ ಸೋತಂತೆ ಕಾಣುವುದು ಅನ್ಯಾಯ. ಹೀಗೆ ನಾಲ್ಕು ಸಲ ಆದರೆ ಹಳೆಯ ಟಿಕೆಟ್‌ಗೆ ಕೈಹಾಕಲು ಯಾರೂ ಮುಂದೆ ಬರುವುದಿಲ್ಲ.

ನನ್ನ ಪ್ರಕಾರ ಸಂದೇಶದಲ್ಲಿ ಎರಡು ಬದಲಾವಣೆ ಬೇಕು. ಸರಾಸರಿಯ ಪಕ್ಕದಲ್ಲಿ ಮಧ್ಯಾಂಕವನ್ನೂ ಕೊಡಬೇಕು: ಟಿಕೆಟ್‌ಗಳನ್ನು ಕಾದ ಹೊತ್ತಿನ ಪ್ರಕಾರ ಸಾಲಾಗಿ ಇಟ್ಟಾಗ ನಡುವೆ ಬರುವ ಅಂಕಿ ಅದು. ಮೇಲಿನ ಲೆಕ್ಕದಲ್ಲಿ ಅದು 20 ನಿಮಿಷವಾಗಿಯೇ ಉಳಿಯುತ್ತದೆ. ಇನ್ನೊಂದು, ಉತ್ತರ ಸಿಗದ ಅತಿ ಹಳೆಯ ಟಿಕೆಟ್‌ನ ನಂಬರು ಮತ್ತು ಅದು ಕಾದ ಹೊತ್ತು. ‘ಬಾಕಿ 46’ ಎಂದರೆ ಯಾರ ಕೆಲಸವೂ ಅಲ್ಲ; ‘ಈ ಟಿಕೆಟ್, 72 ಗಂಟೆ’ ಎಂದರೆ ಯಾರಾದರೂ ಅದನ್ನು ತೆರೆದು ನೋಡುತ್ತಾರೆ.

ನಿಮ್ಮ ತಂಡಕ್ಕೂ ಇಂಥ ವರದಿ ಬರುತ್ತಿದ್ದರೆ, ನಾಳೆ ಬೆಳಿಗ್ಗೆ ಅದರಲ್ಲಿ ಆ ಒಂದು ಸಾಲು ಇದೆಯೇ ನೋಡಿ. ಇಲ್ಲದಿದ್ದರೆ ದಯವಿಟ್ಟು ಸೇರಿಸಿ.