ಸೋತ ಪರೀಕ್ಷೆಯ ಭಾಷಣ ಕಟ್ಟುವ ಬಗೆ

ಪ್ರವೇಶ ಪರೀಕ್ಷೆಯಲ್ಲಿ ಸೋತ ಕಥೆಯನ್ನು ಯುವ ಸಮಾವೇಶದಲ್ಲಿ ಹೇಳುವವರಿಗೆ ಸಿಗುವ ಸಮಯ ಕಡಿಮೆ. ಟೆಡ್ ವೇದಿಕೆಯಲ್ಲೂ ಮಿತಿ 18 ನಿಮಿಷ. ಫಲಿತಾಂಶದ ದಿನದ ಕಣ್ಣೀರಿಗೇ ಅದರಲ್ಲಿ ಅರ್ಧ ಹೋಗಿಬಿಡುವುದುಂಟು. ಕೇಳುಗರಿಗೆ ಬೇಕಾದದ್ದು ಸೋಲಿನ ಕಾರಣ, ಮತ್ತು ಅದನ್ನು ಹುಡುಕಬೇಕಾದದ್ದು ನೆನಪಿನಲ್ಲಲ್ಲ, ಉತ್ತರ ಪತ್ರಿಕೆಯಲ್ಲಿ.

ನೀಟ್ ಪರೀಕ್ಷೆಯನ್ನೇ ನೋಡಬಹುದು. ಸರಿ ಉತ್ತರಕ್ಕೆ 4 ಅಂಕ, ತಪ್ಪಿಗೆ 1 ಅಂಕ ಕಡಿತ. ಗೊತ್ತಿಲ್ಲದ 40 ಪ್ರಶ್ನೆಗಳಿಗೆ ಕಣ್ಣುಮುಚ್ಚಿ ಗುರುತು ಹಾಕಿದ್ದೇ ಮುಳುವಾಯಿತು ಎಂದು ಭಾಷಣಕಾರ ಹೇಳಿದನೆನ್ನಿ. ನಾಲ್ಕು ಆಯ್ಕೆಗಳಿರುವಾಗ ಸರಾಸರಿ 10 ಸರಿಯಾಗಿ 40 ಅಂಕ ಬರುತ್ತದೆ, 30 ತಪ್ಪಾಗಿ 30 ಹೋಗುತ್ತದೆ. ಅದೃಷ್ಟ ತೀರಾ ಕೈಕೊಡದಿದ್ದರೆ ನಷ್ಟವೇ ಇಲ್ಲ! ಕಥೆ ಚೆನ್ನಾಗಿದೆ, ಲೆಕ್ಕ ಕೂಡುವುದಿಲ್ಲ.

ಅಭ್ಯರ್ಥಿಗಳಿಗೆ ಒಎಂಆರ್ ಹಾಳೆಯ ಪ್ರತಿ ಮತ್ತು ಸರಿ ಉತ್ತರಗಳು ಸಿಗುತ್ತವೆ. ಎರಡನ್ನೂ ಪಕ್ಕದಲ್ಲಿಟ್ಟು, ಪ್ರತಿ ತಪ್ಪು ಓದದ ಪಾಠದ್ದೋ, ಅವಸರದ್ದೋ ಎಂದು ಬೇರ್ಪಡಿಸಬೇಕು. ‘ಸರಿಯಲ್ಲದ ಹೇಳಿಕೆ ಯಾವುದು’ ಎಂಬುದನ್ನು ‘ಸರಿಯಾದದ್ದು’ ಎಂದು ಓದಿ, ಗೊತ್ತಿದ್ದ 12 ಪ್ರಶ್ನೆ ತಪ್ಪಿದ್ದರೆ ಒಂದೊಂದಕ್ಕೆ 5ರಂತೆ 60 ಅಂಕ ಹೋಯಿತು. ಆಗ ಕಲಿತ ಪಾಠವೂ ಅಷ್ಟೇ ಸ್ಪಷ್ಟ: ಪ್ರಶ್ನೆಯ ‘ಸರಿಯಲ್ಲದ’ ಎಂಬಂಥ ಪದಕ್ಕೆ ಗೆರೆ ಎಳೆದ ಮೇಲೆಯೇ ಆಯ್ಕೆಗಳನ್ನು ನೋಡುವುದು. ಯಾವ ಸೋಲಿಗೂ ಒಪ್ಪುವ ‘ಛಲ ಬಿಡಬಾರದು’ ಎಂಬ ಮಾತು ಇದರ ಮುಂದೆ ಸಪ್ಪೆ.

ಮರುವರ್ಷ ಸೀಟು ಸಿಕ್ಕಿದ್ದರೂ ಅದನ್ನೆಲ್ಲ ಈ ಅಭ್ಯಾಸದ ಲೆಕ್ಕಕ್ಕೇ ಬರೆಯುವಂತಿಲ್ಲ. ಪ್ರಶ್ನೆ ಪತ್ರಿಕೆಯ ಕಷ್ಟ, ಸ್ಪರ್ಧಿಗಳ ಸಂಖ್ಯೆ ಎರಡೂ ಬದಲಾಗಿರುತ್ತವೆ.